ಹೊಸ್ತಿಲು ದಾಟಿದ ಮೇಲೆ

ಗಣಕವಿಜ್ಞಾನವನ್ನು ಹೊಸದಾಗಿ ಕಲಿಯಹೊರಟವರಿಗೆ ಬಹು ಬೇಗನೆ ಎದುರಾಗುವ ಚಿಹ್ನೆಯೊಂದಿದೆ: O(n²). ‘ಬಿಗ್ ಓ’ ಎಂಬುದು ಇದರ ರೂಢಿಯ ಹೆಸರು. ಯಂತ್ರವು ಒಂದು ಕೆಲಸಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂಬುದನ್ನು ಇದು ತಿಳಿಸುತ್ತದೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಇದು ಹೊತ್ತಿನ ಅಳತೆಯಲ್ಲ, ಒಂದು ಅಸಮತೆ. ‘ಇದಕ್ಕಿಂತ ಹೆಚ್ಚಾಗದು’ ಎಂದು ಕೊಟ್ಟ ಮಾತು.

ಚಿಹ್ನೆ ಹುಟ್ಟಿದ್ದು ಗಣಕಯಂತ್ರಗಳಿಗಾಗಿ ಅಲ್ಲ. ಜರ್ಮನಿಯ ಗಣಿತಜ್ಞ ಪೌಲ್ ಬಾಖ್‌ಮನ್ 1894ರಲ್ಲಿ ಸಂಖ್ಯಾಸಿದ್ಧಾಂತದ ತಮ್ಮ ಗ್ರಂಥದಲ್ಲಿ ಇದನ್ನು ಬಳಸಿದರು. ಎಡ್ಮಂಡ್ ಲಾಂಡೌ ಅವರ 1909ರ ಗ್ರಂಥದಿಂದ ಇದು ಪ್ರಚಾರಕ್ಕೆ ಬಂತು. ಗಣಕವಿಜ್ಞಾನದಲ್ಲಿ ಇದನ್ನು ಹೇಗೆ ಬಳಸಬೇಕೆಂಬುದನ್ನು ಡೊನಾಲ್ಡ್ ಕ್ನೂತ್ 1976ರ ಒಂದು ಲೇಖನದಲ್ಲಿ ಸ್ಪಷ್ಟಪಡಿಸಿದರು.

ಒಂದು ನಿದರ್ಶನದಿಂದ ವಿಷಯವನ್ನು ಬಿಡಿಸಿ ನೋಡೋಣ. ಒಂದು ಗ್ರಂಥಾಲಯದಲ್ಲಿ n ಚೀಟಿಗಳಿವೆ. ಪ್ರತಿಯೊಂದರ ಮೇಲೂ ಒಂದು ಪುಸ್ತಕದ ಹೆಸರು. ಯಾವ ಹೆಸರು ಎರಡು ಸಲ ಬಂದಿದೆಯೆಂದು ಯಂತ್ರ ಹುಡುಕಬೇಕು. ಅದು ಒಂದೊಂದು ಚೀಟಿಯನ್ನೂ ಇಡೀ ಪಟ್ಟಿಯೊಡನೆ ಹೋಲಿಸುತ್ತ ಹೋದರೆ ಒಟ್ಟು n² ಹೋಲಿಕೆಗಳಾಗುತ್ತವೆ. ಒಂದು ಹೋಲಿಕೆಗೆ 3 ಹೆಜ್ಜೆ, ಒಂದು ಚೀಟಿಯನ್ನು ಓದಿಕೊಳ್ಳಲು 20 ಹೆಜ್ಜೆ, ಆರಂಭದ ಸಿದ್ಧತೆಗೆ 100 ಹೆಜ್ಜೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಒಟ್ಟು ಶ್ರಮ ಹೀಗಾಗುತ್ತದೆ:

T(n) = 3n² + 20n + 100

ಚೀಟಿಗಳು ಹತ್ತೇ ಇದ್ದರೆ ಒಟ್ಟು 600 ಹೆಜ್ಜೆ. ಅದರಲ್ಲಿ ಹೋಲಿಕೆಯ ಪಾಲು ಅರ್ಧ ಮಾತ್ರ. ಚೀಟಿಗಳು ಸಾವಿರವಾದಾಗ ಒಟ್ಟು 30,20,100 ಹೆಜ್ಜೆ. ಅದರಲ್ಲಿ 30 ಲಕ್ಷ ಹೋಲಿಕೆಯದೇ. ಉಳಿದೆರಡು ಪದಗಳು ಅಳಿದುಹೋಗಲಿಲ್ಲ, ಆದರೆ ವರ್ಗದ ನೆರಳಿನಲ್ಲಿ ಮರೆಯಾದವು. ಹಾಗೆ ಮರೆಯಾಗುವುದನ್ನು ನಿಖರವಾಗಿ ಹೇಳುವುದು ಹೇಗೆ?

ವ್ಯಾಖ್ಯೆ ಇಷ್ಟೆ: c ಎಂಬ ಒಂದು ಧನ ಸ್ಥಿರಾಂಕವೂ n₀ ಎಂಬ ಒಂದು ಹೊಸ್ತಿಲೂ ದೊರೆತು, n₀ ಮತ್ತು ಅದರಿಂದಾಚೆಯ ಪ್ರತಿಯೊಂದು n ಗೂ T(n) ≤ c·n² ಆದರೆ, T(n) ಎಂಬುದು O(n²). ಹೊಸ್ತಿಲಿನ ಈಚೆಗೆ ಏನಾದರೂ ಆಗಲಿ, ಅದರ ಗೊಡವೆ ನಮಗಿಲ್ಲ.

ನಮ್ಮ ಲೆಕ್ಕದಲ್ಲಿ c = 4 ಎಂದಿಡೋಣ. ಆಗ 3n² + 20n + 100 ≤ 4n² ಎಂದಾಗಬೇಕು. ಎರಡೂ ಕಡೆಯಿಂದ 3n² ಕಳೆದರೆ 20n + 100 ≤ n² ಎಂದು ಉಳಿಯುತ್ತದೆ. n = 24 ಆದಾಗ ಎಡಗಡೆ 580, ಬಲಗಡೆ 576; ಮಾತು ನಾಲ್ಕರಿಂದ ತಪ್ಪಿತು. n = 25 ಆದಾಗ ಎಡಗಡೆ 600, ಬಲಗಡೆ 625; ಮಾತು ನಿಂತಿತು. ಅಲ್ಲಿಂದ ಮುಂದೆ n ಒಂದೊಂದು ಹೆಚ್ಚಿದಾಗಲೂ ಎಡಗಡೆ 20 ಮಾತ್ರ ಬೆಳೆದರೆ ಬಲಗಡೆ 51, 53, 55 ಎಂದು ಬೆಳೆಯುತ್ತದೆ. ಆದ್ದರಿಂದ ಮಾತು ಮತ್ತೆಂದೂ ತಪ್ಪದು. ಹೊಸ್ತಿಲು 25.

ಇದೊಂದೇ ಜೋಡಿಯಲ್ಲ. c = 123 ಎಂದರೆ ಹೊಸ್ತಿಲು 1ಕ್ಕೇ ಇಳಿಯುತ್ತದೆ, ಏಕೆಂದರೆ 3 + 20 + 100 = 123. ಸ್ಥಿರಾಂಕದಲ್ಲಿ ಉದಾರವಾದಷ್ಟೂ ಹೊಸ್ತಿಲು ಹತ್ತಿರವಾಗುತ್ತದೆ. ಬಿಗಿ ಹಿಡಿದಷ್ಟೂ ದೂರ ಸರಿಯುತ್ತದೆ. c = 3 ಎಂದರೆ ಮಾತ್ರ ಹೊಸ್ತಿಲೇ ಇಲ್ಲ. ಆದರೂ ಚಿಂತೆಯಿಲ್ಲ, ಒಂದು ಜೋಡಿ ದೊರೆತರೆ ಸಾಕು.

ಇಷ್ಟೊಂದು ಸಡಿಲವಿದ್ದರೆ ಏನನ್ನು ಬೇಕಾದರೂ ಸಾಧಿಸಬಹುದಲ್ಲವೇ ಎಂದು ಕೇಳಬಹುದು. ಇಲ್ಲ. ಸ್ಥಿರಾಂಕವನ್ನು ಮೊದಲೇ ಹೇಳಿಬಿಡಬೇಕು. N ಬರುವುದು ಅದರ ಅನಂತರ. ಇದೇ T(n) ಅನ್ನು O(n) ಎಂದು ಯಾರಾದರೂ ವಾದಿಸಲಿ. ಅವರು c ಒಂದು ಲಕ್ಷ ಎನ್ನಲಿ, ನಾವು ಒಂದು ಲಕ್ಷ ಚೀಟಿಗಳನ್ನು ಮುಂದಿಡುತ್ತೇವೆ: ಅವರ ಮಿತಿ c·n ಎಂದರೆ ಲಕ್ಷದ ವರ್ಗ, ನಮ್ಮ ಶ್ರಮ ಅದರ ಮೂರು ಪಟ್ಟಿಗೂ ಮಿಗಿಲು. ಇನ್ನೂ ಹೆಚ್ಚು ಚೀಟಿಗಳನ್ನಿಟ್ಟರೆ ಸೋಲು ಇನ್ನೂ ದೊಡ್ಡದು. ಅವರು ಯಾವ c ಹೇಳಿದರೂ ಗತಿ ಇದೇ. ‘n ಹೆಚ್ಚಿದಂತೆ c ಯನ್ನೂ ಹೆಚ್ಚಿಸುತ್ತೇನೆ’ ಎಂದರೆ ಅದು ಸ್ಥಿರಾಂಕವೇ ಅಲ್ಲ. ಕಲಿಯುವವರ ಸಾಧನೆಗಳು ಕುಸಿಯುವುದು ಹೆಚ್ಚಾಗಿ ಇಲ್ಲಿಯೇ. c ಎಂದು ಬರೆದ ಕಡೆ n ಅಡಗಿ ಕುಳಿತಿದೆಯೇ ಎಂದು ನೋಡಿದರೆ ತಪ್ಪು ಹೊರಬೀಳುತ್ತದೆ.

ಚಿಹ್ನೆಯ ಮಿತಿಯನ್ನೂ ಅರಿತಿರಬೇಕು. ಅದು ಮೇಲಣ ಗಡಿ ಮಾತ್ರ. ಆದ್ದರಿಂದ ನಮ್ಮ T(n) ಅನ್ನು O(n³) ಎಂದರೂ ಸುಳ್ಳಲ್ಲ, ಆದರೆ ಅದರಿಂದ ತಿಳಿಯುವುದು ಕಡಿಮೆ. ಇನ್ನೊಂದು ಮಾತು: ಇದೇ ಕೆಲಸವನ್ನು 1000n ಹೆಜ್ಜೆಗಳಲ್ಲಿ ಮುಗಿಸುವ ಬೇರೊಂದು ವಿಧಾನವಿದೆಯೆನ್ನಿ. ಅದು O(n), ಬೆಳವಣಿಗೆಯಲ್ಲಿ ಇದಕ್ಕಿಂತ ಮಂದ. ಆದರೂ 326 ಚೀಟಿಗಳವರೆಗೆ ನಮ್ಮ ಹಳೆಯ ವಿಧಾನಕ್ಕೇ ಹೆಜ್ಜೆ ಕಡಿಮೆ. 327ರಿಂದ ಹೊಸದು ಗೆಲ್ಲುತ್ತದೆ. ಚಿಹ್ನೆ ತನ್ನೊಳಗೆ ಮುಚ್ಚಿಟ್ಟುಕೊಂಡ ಸ್ಥಿರಾಂಕವೇ ಇದಕ್ಕೆ ಕಾರಣ. ಸಣ್ಣ ಗ್ರಂಥಾಲಯದವರು O(n) ಎಂಬ ಹೆಸರನ್ನು ನಂಬಿ ವಿಧಾನ ಬದಲಿಸಿದರೆ ನಷ್ಟ ಅವರದೇ. ತಮ್ಮ ಚೀಟಿಗಳು ಹೊಸ್ತಿಲಿನ ಈಚೆಗಿವೆಯೋ ಆಚೆಗಿವೆಯೋ ಎಂಬುದನ್ನು ಅವರು ಮೊದಲು ಎಣಿಸಿ ನೋಡಬೇಕು.