ಸೆಲ್ ಉಬ್ಬಿದರೆ ತಡೆಯುವವರು ಯಾರು?

ಹಳೆಯ ಮೊಬೈಲಿನ ಹಿಂಬದಿ ಮುಚ್ಚಳ ತಾನಾಗಿಯೇ ಮೇಲೆದ್ದು, ಒಳಗೆ ಬ್ಯಾಟರಿ ಉಬ್ಬಿ ಕೂತಿರುವುದನ್ನು ಬಹಳ ಮಂದಿ ನೋಡಿರುತ್ತಾರೆ. ಆ ಬ್ಯಾಟರಿ ಹಾಳಾಗಿದೆ ಎನ್ನುವುದು ನಿಜ. ಆದರೆ ಉಬ್ಬುವುದು ಅದೊಂದರ ಗುಣವಲ್ಲ. ಎಲ್ಲ ಲಿಥಿಯಂ ಅಯಾನ್ ಸೆಲ್‌ಗಳೂ ಉಬ್ಬುತ್ತವೆ, ದಿನವೂ ಉಬ್ಬುತ್ತವೆ. ಮೊಬೈಲಿನಲ್ಲಿರುವುದು ತೆಳುವಾದ ಹಾಳೆಯ ಚೀಲದಲ್ಲಿ ಮುಚ್ಚಿದ ಪೌಚ್ ಸೆಲ್ ಆದ್ದರಿಂದ ಅದು ನಮ್ಮ ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಸೆಲ್ ಚಾರ್ಜ್ ಆಗುವಾಗ ಲಿಥಿಯಂ ಅಯಾನ್‌ಗಳು ಗ್ರಾಫೈಟ್‌ನ ಪದರಗಳ ನಡುವೆ ಹೋಗಿ ಸೇರಿಕೊಳ್ಳುತ್ತವೆ. ಪೂರ್ತಿ ತುಂಬಿದಾಗ ಗ್ರಾಫೈಟ್‌ನ ಗಾತ್ರ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಖಾಲಿಯಾದಾಗ ಮತ್ತೆ ಇಳಿಯುತ್ತದೆ. ಇದು ದಿನನಿತ್ಯದ ಉಬ್ಬರವಿಳಿತ. ಇದರ ಜೊತೆಗೆ ಇಳಿಯದೇ ಉಳಿಯುವ ಉಬ್ಬರವೂ ಒಂದಿದೆ. ಗ್ರಾಫೈಟ್ ಕಣಗಳ ಮೇಲೆ ವರ್ಷ ಕಳೆದಂತೆ ಒಂದು ಪೊರೆ ದಪ್ಪವಾಗುತ್ತಾ ಹೋಗುತ್ತದೆ. ಬಿಸಿ ಹೆಚ್ಚಾದರೆ ಅಥವಾ ಮಿತಿಮೀರಿ ಚಾರ್ಜ್ ಮಾಡಿದರೆ ಒಳಗಿನ ದ್ರವ ಒಡೆದು ಅನಿಲವಾಗುತ್ತದೆ. ಮೊಬೈಲಿನ ಮುಚ್ಚಳ ಎತ್ತುವುದು ಹೆಚ್ಚಾಗಿ ಈ ಅನಿಲವೇ.

ಮಾರುಕಟ್ಟೆಯಲ್ಲಿ ಸೆಲ್‌ಗಳು ಮೂರು ಆಕಾರದಲ್ಲಿ ಸಿಗುತ್ತವೆ: ದುಂಡಗಿನ ಉಕ್ಕಿನ ಕೊಳವೆಯಾದ ಸಿಲಿಂಡ್ರಿಕಲ್, ಅಲ್ಯೂಮಿನಿಯಂ ಪೆಟ್ಟಿಗೆಯಾದ ಪ್ರಿಸ್ಮ್ಯಾಟಿಕ್ ಮತ್ತು ಚೀಲದಂಥ ಪೌಚ್. ಯಾವುದರಲ್ಲಿ ಎಷ್ಟು ಶಕ್ತಿ, ಯಾವುದಕ್ಕೆ ಎಷ್ಟು ಬೆಲೆ ಎಂಬ ಪಟ್ಟಿಗಳು ಬೇಕಾದಷ್ಟಿವೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ಈ ಉಬ್ಬರವನ್ನು ತಡೆಯುವ ಕೆಲಸ ಯಾರದು? ಸಿಲಿಂಡ್ರಿಕಲ್ ಸೆಲ್ ಅದನ್ನು ತಾನೇ ನೋಡಿಕೊಳ್ಳುತ್ತದೆ, ಪ್ರಿಸ್ಮ್ಯಾಟಿಕ್ ಅರ್ಧ ನೋಡಿಕೊಳ್ಳುತ್ತದೆ, ಪೌಚ್ ಪೂರ್ತಿಯಾಗಿ ಪ್ಯಾಕ್ ಮಾಡುವವರ ತಲೆಗೆ ಕಟ್ಟುತ್ತದೆ. ಉಳಿದ ವ್ಯತ್ಯಾಸಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಅಡುಗೆ ಅನಿಲವನ್ನು ಎಣ್ಣೆಯ ಚೌಕ ಡಬ್ಬದಲ್ಲಿ ತುಂಬಿಸದೆ ದುಂಡಗಿನ ಸಿಲಿಂಡರಿನಲ್ಲೇ ತುಂಬಿಸುವುದಕ್ಕೆ ಏನು ಕಾರಣವೋ, ಇಲ್ಲಿಯೂ ಅದೇ ಕಾರಣ. ದುಂಡು ಗೋಡೆಯ ಮೇಲೆ ಒಳಗಿನಿಂದ ಒತ್ತಡ ಬಿದ್ದರೆ ಗೋಡೆ ಸುತ್ತಲೂ ಒಂದೇ ಸಮನೆ ಬಿಗಿಯುತ್ತದೆ, ಬಾಗುವುದಿಲ್ಲ. ಚಪ್ಪಟೆ ಗೋಡೆಗೆ ಆ ಸೌಲಭ್ಯವಿಲ್ಲ, ಅದು ನಡುವೆ ಹೊರಕ್ಕೆ ಬಾಗುತ್ತದೆ. 21 ಮಿ.ಮೀ. ವ್ಯಾಸ, 70 ಮಿ.ಮೀ. ಉದ್ದದ 21700 ಸೆಲ್ ತೆಗೆದುಕೊಳ್ಳಿ. ಅದರ ಉಕ್ಕಿನ ಗೋಡೆ ಕಾಲು ಮಿಲಿಮೀಟರ್ ಎಂದು ಇಟ್ಟುಕೊಂಡರೂ, ಒಳಗೆ ಹತ್ತು ವಾತಾವರಣದಷ್ಟು ಒತ್ತಡವಾದಾಗ ಗೋಡೆಯ ಮೇಲೆ ಬೀಳುವ ಬಿಗಿತ ಆ ಉಕ್ಕು ತಾಳಬಲ್ಲದ್ದರ ಕಾಲುಭಾಗವೂ ಆಗುವುದಿಲ್ಲ. ಆದ್ದರಿಂದ ಅದು ಹೊರಗೆ ಉಬ್ಬದು. ಒಳಗಿನ ಸುರುಳಿಯ ನಡುವೆ ಒಂದು ತೂತಿರುತ್ತದೆ, ಹಿಗ್ಗಿದ ಪದರಗಳು ಆ ಕಡೆಗೆ ಜರುಗುತ್ತವೆ. ಇದು ಪುಕ್ಕಟೆ ಅಲ್ಲ. ಸಾವಿರಾರು ಬಾರಿ ಹೀಗೆ ಜರುಗಿದ ಮೇಲೆ ಒಳಸುತ್ತುಗಳು ತೂತಿನೊಳಗೆ ಮಡಿಚಿ ಬೀಳುವುದುಂಟು. ಎಕ್ಸ್-ರೇ ಹಿಡಿದು ನೋಡಿದರಷ್ಟೇ ಅದು ಕಾಣುತ್ತದೆ. ಹೊರಗಿನಿಂದ ಸೆಲ್ ಹೊಸದರಂತೆಯೇ ಇರುತ್ತದೆ.

ಇನ್ನು ಚಪ್ಪಟೆಯದರ ಕಡೆ ಬರೋಣ. ಮನೆಯ ಸೌರವಿದ್ಯುತ್ ಸಂಗ್ರಹಕ್ಕೆಂದು ಈಗ ಬಹಳ ಜನ ಕೊಳ್ಳುವುದು 280 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಪ್ರಿಸ್ಮ್ಯಾಟಿಕ್ ಸೆಲ್. ನೀಲಿ ಪ್ಲಾಸ್ಟಿಕ್ ಸುತ್ತಿದ ಅಲ್ಯೂಮಿನಿಯಂ ಪೆಟ್ಟಿಗೆ, ಸುಮಾರು 174 ಮಿ.ಮೀ. ಅಗಲ, 205 ಮಿ.ಮೀ. ಎತ್ತರ, 72 ಮಿ.ಮೀ. ದಪ್ಪ, ತೂಕ ಐದೂವರೆ ಕೆ.ಜಿ.ಯ ಹತ್ತಿರ. ಇಂಥ 16 ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟ್, ಒಟ್ಟು 14 ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ತು.

ಈ ಸೆಲ್‌ನ ಅಗಲ ಮುಖದ ಲೆಕ್ಕ ಹಾಕಿ ನೋಡಿ. ಒಳಗಿನ ಒತ್ತಡ ಹೊರಗಿನದ್ದಕ್ಕಿಂತ ಒಂದೇ ಒಂದು ವಾತಾವರಣದಷ್ಟು ಹೆಚ್ಚಾದರೂ ಆ ಮುಖದ ಮೇಲೆ ಬೀಳುವ ಬಲ 360 ಕೆ.ಜಿ. ಭಾರಕ್ಕೆ ಸಮ. ತೆಳು ಅಲ್ಯೂಮಿನಿಯಂ ಅದನ್ನು ಒಂಟಿಯಾಗಿ ತಡೆಯಲಾರದು. ಅದಕ್ಕೇ ಈ ವರ್ಗದ ಸೆಲ್‌ಗಳ ತಾಂತ್ರಿಕ ಪತ್ರದಲ್ಲಿ, ಆಯುಸ್ಸಿನ ಪರೀಕ್ಷೆಯನ್ನು ಎರಡು ಹಲಗೆಗಳ ನಡುವೆ ಸುಮಾರು 300 ಕೆ.ಜಿ. ಬಲದಿಂದ ಒತ್ತಿಟ್ಟು ಮಾಡಲಾಗಿದೆ ಎಂಬ ಸಾಲು ಕಾಣಿಸುತ್ತದೆ. ಡಬ್ಬದ ಮೇಲೆ ಬರೆದ ಸಾವಿರಾರು ಸುತ್ತಿನ ಆಯುಸ್ಸು ಈ ಷರತ್ತಿಗೆ ಒಳಪಟ್ಟದ್ದು. ಕೊಳ್ಳುವವರು ಓದುವುದು ಸುತ್ತಿನ ಸಂಖ್ಯೆ, ಬಿಡುವುದು ಈ ಸಾಲು.

ಒತ್ತಿ ಹಿಡಿಯುವುದರಿಂದ ಆಗುವ ಲಾಭ ಪೆಟ್ಟಿಗೆಯ ಅಂದಕ್ಕೆ ಸಂಬಂಧಿಸಿದ್ದಲ್ಲ. ಒಳಗಿನ ಪದರಗಳು ಒಂದಕ್ಕೊಂದು ತಾಗಿಕೊಂಡೇ ಇರಬೇಕು. ನಡುವೆ ಅನಿಲದ ಗುಳ್ಳೆ ಸೇರಿ ಎರಡು ಪದರ ಬೇರೆಯಾದರೆ ಆ ಜಾಗದಲ್ಲಿ ಅಯಾನ್‌ಗಳ ಓಡಾಟ ನಿಲ್ಲುತ್ತದೆ, ಸುತ್ತಲಿನ ಜಾಗದ ಮೇಲೆ ಹೊರೆ ಹೆಚ್ಚುತ್ತದೆ, ಅಲ್ಲಿ ಲೋಹರೂಪದ ಲಿಥಿಯಂ ಶೇಖರವಾಗತೊಡಗುತ್ತದೆ. ಒಮ್ಮೆ ಹಾಗೆ ಕೂತ ಲಿಥಿಯಂನಲ್ಲಿ ಬಹುಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಹಾಗಾದರೆ ದಪ್ಪ ಹಲಗೆ ಇಟ್ಟು ಬೋಲ್ಟು ಬಿಗಿದುಬಿಟ್ಟರೆ ಆಯಿತಲ್ಲ ಎನ್ನಿಸಬಹುದು. ತಪ್ಪುವುದು ಇಲ್ಲೇ. ಒಂದು ಸೆಲ್ ಖಾಲಿಯಿಂದ ಪೂರ್ತಿ ತುಂಬುವಷ್ಟರಲ್ಲಿ ಅರ್ಧ ಮಿಲಿಮೀಟರ್ ದಪ್ಪವಾಗುತ್ತದೆ ಎಂದುಕೊಂಡರೂ 16 ಸೆಲ್‌ಗಳ ಸಾಲು 8 ಮಿ.ಮೀ. ಉದ್ದವಾಗಬೇಕು. ಸೆಲ್ ಖಾಲಿ ಇದ್ದಾಗ 300 ಕೆ.ಜಿ.ಗೆ ಬಿಗಿದ ಬೋಲ್ಟು, ತುಂಬಿದಾಗ ಅದರ ಹಲವು ಪಟ್ಟು ಒತ್ತುತ್ತದೆ. ಅತಿಯಾಗಿ ಒತ್ತಿದರೆ ಸೆಪರೇಟರಿನ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ದ್ರವ ಹೊರಕ್ಕೆ ಹಿಂಡಿಹೋಗುತ್ತದೆ. ಆದ್ದರಿಂದ ಬೇಕಾದದ್ದು ಗಟ್ಟಿಯಾದ ಹಿಡಿತವಲ್ಲ, ಜಾಗ ಬಿಟ್ಟುಕೊಡುತ್ತಲೇ ಒಂದೇ ಸಮನೆ ಒತ್ತುವ ಹಿಡಿತ. ಕಾರ್ಖಾನೆಗಳಲ್ಲಿ ಸೆಲ್‌ಗಳ ನಡುವೆ ಪಾಲಿಯುರೆಥೇನ್ ಅಥವಾ ಸಿಲಿಕೋನ್ ಫೋಮಿನ ಹಾಳೆ ಇಡುತ್ತಾರೆ. ಮನೆಯಲ್ಲಿ ಜೋಡಿಸುವ ಜಾಣರು ಬೋಲ್ಟಿನ ತುದಿಗೆ ಸ್ಪ್ರಿಂಗು ಹಾಕುತ್ತಾರೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಂದರೆ ಸೆಲ್‌ನ ನೆತ್ತಿಯ ಮೇಲಿದೆ. ಸೆಲ್‌ಗಳ ದಪ್ಪ ಬದಲಾದಂತೆ ಟರ್ಮಿನಲ್‌ಗಳ ನಡುವಿನ ಅಂತರವೂ ಬದಲಾಗುತ್ತದೆ. ಅವುಗಳನ್ನು ಗಟ್ಟಿ ತಾಮ್ರದ ಪಟ್ಟಿಯಿಂದ ಜೋಡಿಸಿದ್ದರೆ ಪ್ರತಿ ಚಾರ್ಜಿಗೂ ಟರ್ಮಿನಲ್ ಜಗ್ಗುತ್ತದೆ. ಕೆಲವು ತಿಂಗಳಲ್ಲಿ ನಟ್ಟು ಸಡಿಲವಾಗುತ್ತದೆ ಅಥವಾ ಟರ್ಮಿನಲ್ಲಿನ ಬುಡದ ಸೀಲು ಬಿಡುತ್ತದೆ. ಪದರಪದರವಾದ, ನಡುವೆ ಡೊಂಕಿರುವ ಪಟ್ಟಿ ಬಳಸಿದರೆ ಈ ತೊಂದರೆ ತಪ್ಪುತ್ತದೆ. ಸೆಲ್ ಎಷ್ಟು ಉಬ್ಬಿದೆ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಜೋಡಿಸುವ ಮೊದಲು ಒಂದು ಸ್ಟೀಲ್ ಸ್ಕೇಲನ್ನು ಅಗಲ ಮುಖದ ಮೇಲೆ ಅಡ್ಡಲಾಗಿ ಇಟ್ಟರೆ ಸಾಕು. ಸ್ಕೇಲು ನಡುವೆ ಮಾತ್ರ ತಾಗಿ ಎರಡೂ ತುದಿಗಳಲ್ಲಿ ಬೆಳಕು ಕಂಡರೆ ಅದು ಉಬ್ಬಿದೆ ಎಂದರ್ಥ. ಹೊಸದೆಂದು ಮಾರಿದ ಸೆಲ್‌ನಲ್ಲಿ ಮೂರು-ನಾಲ್ಕು ಮಿ.ಮೀ. ಉಬ್ಬು ಕಂಡರೆ ಅದು ನಿಜಕ್ಕೂ ಹೊಸದೇ ಎಂದು ಕೇಳುವ ಹಕ್ಕು ನಿಮಗಿದೆ. ಉಬ್ಬಿದ್ದನ್ನು ಒತ್ತಿ ಚಪ್ಪಟೆ ಮಾಡುವ ಸಾಹಸ ಬೇಡ, ಚುಚ್ಚಿ ಅನಿಲ ಬಿಡುವುದಂತೂ ಬೇಡವೇ ಬೇಡ.

ಇದೇ 14 ಯೂನಿಟ್ಟನ್ನು 21700 ಸೆಲ್‌ಗಳಲ್ಲಿ ಮಾಡಲು ಹೊರಟರೆ? ಒಂದೊಂದರಲ್ಲಿ 18 ವಾಟ್-ಅವರ್ ಎಂದರೂ ಸುಮಾರು 800 ಸೆಲ್ ಬೇಕು. ಒತ್ತುವ ಹಲಗೆ ಬೇಡ, ಫೋಮ್ ಬೇಡ. ಆದರೆ ಎರಡೂ ತುದಿಗೆ ಒಂದೊಂದರಂತೆ 1600 ಬೆಸುಗೆ ಬೇಕು, ಪ್ರತಿಯೊಂದೂ ಸರಿಯಿರಬೇಕು. ದುಂಡು ಕೊಳವೆಗಳನ್ನು ಎಷ್ಟೇ ಒತ್ತೊತ್ತಾಗಿ ಇಟ್ಟರೂ ನಡುವೆ ಶೇ. 9ರಷ್ಟು ಜಾಗ ಖಾಲಿ ಉಳಿಯುತ್ತದೆ. ಇದಕ್ಕೆ ಪ್ರತಿಯಾಗಿ ಸಿಗುವ ಅನುಕೂಲವೂ ಸಣ್ಣದಲ್ಲ. ಹತ್ತಾರು ಸೆಲ್‌ಗಳು ಸಮಾನಾಂತರವಾಗಿರುವುದರಿಂದ ಒಂದರ ಸಂಪರ್ಕ ಕಡಿದುಹೋದರೆ ಪ್ಯಾಕ್ ಸ್ವಲ್ಪ ಶಕ್ತಿ ಕಳೆದುಕೊಂಡು ಮುಂದುವರಿಯುತ್ತದೆ. 16 ದೊಡ್ಡ ಸೆಲ್‌ಗಳ ಸಾಲಿನಲ್ಲಿ ಒಂದು ಕೈಕೊಟ್ಟರೆ ಎಲ್ಲವೂ ನಿಂತಂತೆಯೇ.

ಪೌಚ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಪ್ರಿಸ್ಮ್ಯಾಟಿಕ್‌ಗೆ ಹೇಳಿದ್ದೆಲ್ಲ ಅದಕ್ಕೆ ಇನ್ನೂ ತೀವ್ರವಾಗಿ ಅನ್ವಯಿಸುತ್ತದೆ. ಲೋಹದ ಡಬ್ಬವಿಲ್ಲದ್ದರಿಂದ ಸೆಲ್ ತುಂಬ ಹಗುರ. ಆದರೆ ಆ ಹಗುರತನ ಅರ್ಧ ಲೆಕ್ಕ ಮಾತ್ರ. ಬಿಟ್ಟ ಡಬ್ಬದ ಕೆಲಸವನ್ನು ಪ್ಯಾಕಿನ ತಗಡು, ಬೋಲ್ಟು, ಫೋಮ್ ಮಾಡಬೇಕು. ನಿಸ್ಸಾನ್ ಲೀಫ್ ಕಾರಿನ ಪೌಚ್ ಸೆಲ್‌ಗಳು ಲೋಹದ ಡಬ್ಬಿಗಳಲ್ಲಿ ಕೂತಿದ್ದು ಅದಕ್ಕೇ. ಅನಿಲ ಹೆಚ್ಚಾದಾಗ ಸಿಲಿಂಡ್ರಿಕಲ್ ಮತ್ತು ಪ್ರಿಸ್ಮ್ಯಾಟಿಕ್ ಸೆಲ್‌ಗಳಲ್ಲಿ ಅದು ಗೊತ್ತಾದ ಜಾಗದಲ್ಲಿರುವ ಕಿಂಡಿಯಿಂದ ಹೊರಬರುತ್ತದೆ. ಪೌಚ್ ಹಾಗಲ್ಲ, ಅಂಚಿನ ಅಂಟು ಎಲ್ಲಿ ದುರ್ಬಲವೋ ಅಲ್ಲಿ ಬಿಡುತ್ತದೆ.

ತಂಪು ಮಾಡುವ ವಿಷಯಕ್ಕೆ ಬಂದರೆ ಒಂದೇ ಒಂದು ಸಂಗತಿ ನೆನಪಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಸೆಲ್‌ನೊಳಗೆ ತಾಮ್ರ ಮತ್ತು ಅಲ್ಯೂಮಿನಿಯಂ ಹಾಳೆಗಳಿವೆ. ಹಾಳೆಯ ಉದ್ದಕ್ಕೂ ಬಿಸಿ ಸಲೀಸಾಗಿ ಹರಿಯುತ್ತದೆ. ಹಾಳೆಗಳನ್ನು ಅಡ್ಡ ದಾಟಿಕೊಂಡು ಹೋಗುವಾಗ ಪ್ರತಿ ಪದರದಲ್ಲೂ ಪ್ಲಾಸ್ಟಿಕ್ ಸೆಪರೇಟರ್ ಅಡ್ಡ ಬರುತ್ತದೆ. ಎರಡು ದಿಕ್ಕುಗಳ ನಡುವೆ ಇಪ್ಪತ್ತು-ಮೂವತ್ತು ಪಟ್ಟು ವ್ಯತ್ಯಾಸ. 72 ಮಿ.ಮೀ. ದಪ್ಪದ ಪೆಟ್ಟಿಗೆಯ ಮಧ್ಯದ ಬಿಸಿ ಅಗಲ ಮುಖಕ್ಕೆ ಬರಬೇಕಾದರೆ 36 ಮಿ.ಮೀ. ಪದರಗಳನ್ನು ದಾಟಬೇಕು. ಅದೇ ಬಿಸಿ ಹಾಳೆಗಳ ಗುಂಟ 200 ಮಿ.ಮೀ. ಕೆಳಗಿಳಿದು ತಳ ಸೇರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಕಷ್ಟ. ಅಂದ ಮೇಲೆ ಪ್ರತಿ ಎರಡು ಸೆಲ್ ನಡುವೆ ತಂಪಿನ ತಟ್ಟೆ ತುರುಕುವ ಬದಲು, ಎಲ್ಲದರ ತಳಕ್ಕೂ ಸೇರಿ ಒಂದೇ ತಟ್ಟೆ ಇಡುವುದು ಲೇಸು. ಕಾರುಗಳಲ್ಲಿ ಪ್ರಿಸ್ಮ್ಯಾಟಿಕ್ ಸೆಲ್‌ಗಳ ತಂಪಿನ ತಟ್ಟೆ ಸಾಮಾನ್ಯವಾಗಿ ತಳದಲ್ಲಿರುವುದು ಇದಕ್ಕಾಗಿ. ಅಗಲ ಮುಖಗಳ ನಡುವಿನ ಜಾಗ ಫೋಮಿಗೆ ಉಳಿಯುತ್ತದೆ ಎಂಬ ಲಾಭವೂ ಸೇರಿತು. ಮನೆಯ ಸಂಗ್ರಹಕ್ಕೆ ಈ ಚಿಂತೆ ಅಷ್ಟಾಗಿ ಇಲ್ಲ, ಅಲ್ಲಿ ಸೆಲ್ ಖಾಲಿಯಾಗಲು ಗಂಟೆಗಟ್ಟಲೆ ಹಿಡಿಯುತ್ತದೆ, ಹುಟ್ಟುವ ಬಿಸಿ ಕಡಿಮೆ.

21700ರಲ್ಲಿ ನಡುವಿನಿಂದ ಗೋಡೆಗೆ ಹತ್ತೂವರೆ ಮಿಲಿಮೀಟರ್ ದಾರಿ ಮಾತ್ರ. ಅದಕ್ಕೇ ಕೊಳವೆಗಳ ಪಕ್ಕೆಯ ಮೇಲೆ ಹಾವಿನಂತೆ ಸುತ್ತಿ ಹೋಗುವ ನೀರಿನ ಪಟ್ಟಿಯಿಂದ ಟೆಸ್ಲಾ ಅವನ್ನು ತಂಪಾಗಿಡುತ್ತಾ ಬಂತು. 2020ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ 46 ಮಿ.ಮೀ. ವ್ಯಾಸದ 4680 ಸೆಲ್ ಪ್ರಕಟಿಸಿತು. ಓಲಾ ಎಲೆಕ್ಟ್ರಿಕ್ ತಮಿಳುನಾಡಿನ ಕೃಷ್ಣಗಿರಿಯಲ್ಲಿ ಮಾಡುತ್ತಿರುವುದೂ ಇದೇ ಅಳತೆಯ ಸೆಲ್. ಸೆಲ್‌ಗಳ ಸಂಖ್ಯೆಯೂ ಬೆಸುಗೆಯೂ ಕಡಿಮೆಯಾಗಲಿ ಎಂಬುದು ಉದ್ದೇಶ. ಆದರೆ ವ್ಯಾಸ ಹೆಚ್ಚಿದಷ್ಟೂ ದುಂಡು ಆಕಾರ ಕೊಡುವ ರಿಯಾಯಿತಿ ಕರಗುತ್ತದೆ. ಒಳಗಿನ ಒತ್ತಡ ಅಷ್ಟೇ ಇದ್ದರೂ ಗೋಡೆಯ ಬಿಗಿತ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ಅದನ್ನು ತಾಳಲು ಗೋಡೆ ದಪ್ಪವಾಗಬೇಕು. ಅಷ್ಟೇ ಬಿಸಿ ಹುಟ್ಟಿದರೂ ನಡುವಿಗೂ ಗೋಡೆಗೂ ಇರುವ ತಾಪದ ಅಂತರ ಐದು ಪಟ್ಟಿನ ಹತ್ತಿರ ಹೋಗುತ್ತದೆ. ಹಾಳೆಯ ಒಂದೆರಡು ಕಡೆ ಸಣ್ಣ ಪಟ್ಟಿ ಬೆಸೆಯುವ ಹಳೆಯ ಕ್ರಮ ಬಿಟ್ಟು, ಹಾಳೆಯ ಇಡೀ ಅಂಚನ್ನೇ ಮಡಿಚಿ ತುದಿಗೆ ಬೆಸೆದದ್ದು ಇದಕ್ಕೆ ಕಂಡುಕೊಂಡ ಉತ್ತರ. ವಿದ್ಯುತ್ತು ಹರಿಯುವ ದಾರಿ ಮೋಟಾಗಿ ಬಿಸಿ ಹುಟ್ಟುವುದೇ ಕಡಿಮೆಯಾಗುತ್ತದೆ, ಹುಟ್ಟಿದ ಬಿಸಿಯೂ ಹಾಳೆಯ ಗುಂಟ ಇಳಿದು ತಳ ಸೇರಲು ಅಗಲವಾದ ದಾರಿ ಸಿಗುತ್ತದೆ.