ಒಂದು ಕೋಣೆ, ಇಬ್ಬರು, ಒಂದು ಗುಟ್ಟು

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಯವರಿಗೆ ಕಿರುಚಿತ್ರದ ಕಥೆ ಕಟ್ಟಲು ಎರಡೇ ಪ್ರಶ್ನೆ ಕೊಟ್ಟೆ: ಇಬ್ಬರಲ್ಲಿ ಯಾರು ಏನನ್ನು ಮುಚ್ಚಿಡುತ್ತಿದ್ದಾರೆ? ಅದು ಹೇಗೆ ಬಯಲಾಗುತ್ತದೆ?

ಒಂದು ತಂಡ ಪ್ರಯೋಗಾಲಯವನ್ನು ಆರಿಸಿಕೊಂಡಿತು. ಬೀಕರ್ ಒಡೆದಿದೆ, ಗೆಳತಿಯರಿಬ್ಬರೂ ‘ನಾನಲ್ಲ’ ಎನ್ನುತ್ತಾ ಚೂರು ಗುಡಿಸುತ್ತಾರೆ. ಮೊದಲ ಕರಡಿನಲ್ಲಿ ಒಬ್ಬಳು ಕೊನೆಗೆ ‘ನಾನೇ ಒಡೆದೆ’ ಎನ್ನುತ್ತಿದ್ದಳು. ಎಲ್ಲವೂ ಮಾತಿನಲ್ಲೇ ಮುಗಿದು ಕ್ಯಾಮೆರಾಗೆ ಕೆಲಸವೇ ಇರಲಿಲ್ಲ. ಆ ಮಾತನ್ನು ತೆಗೆದು, ಅವಳ ಬೆರಳಿನ ಗಾಯವನ್ನು ಹತ್ತಿರದಿಂದ ತೋರಿಸಿದೆವು. ಗೆಳತಿ ಅದನ್ನು ಕಂಡು, ಏನೂ ಹೇಳದೆ ಕರವಸ್ತ್ರ ಕೊಡುತ್ತಾಳೆ.

ಧ್ವನಿಯಿಲ್ಲದೆ ತೋರಿಸಿದಾಗ, ಗುಡಿಸುವಾಗ ಗಾಯವಾಯಿತೆಂದು ತರಗತಿ ತಿಳಿಯಿತು. ಆದ್ದರಿಂದ ಮೊದಲ ದೃಶ್ಯದಲ್ಲೇ ಅವಳ ಬಿಗಿಮುಷ್ಟಿಯನ್ನು ಸೇರಿಸಿದೆವು. ಆಗ ಎಲ್ಲರಿಗೂ ಅರ್ಥವಾಯಿತು. ಚೂರುಗಳು ಪಾರದರ್ಶಕ ಪ್ಲಾಸ್ಟಿಕ್ಕಿನವು, ಗಾಯ ಕೆಂಪು ಶಾಯಿಯದು.