ಹೋರಿ ಹಬ್ಬದ ಲೈವ್ ನಡೆಯುತ್ತಿರುವಾಗಲೇ ಒಂದು ಓಟವನ್ನು ಕತ್ತರಿಸಿಕೊಳ್ಳುವುದು

ದೀಪಾವಳಿ ಕಳೆಯಿತೆಂದರೆ ಶಿಕಾರಿಪುರ, ಸೊರಬ ಸೀಮೆಯ ಊರುಗಳಲ್ಲಿ ಹೋರಿ ಬೆದರಿಸುವ ಹಬ್ಬ ಶುರು. ತಾಳಗುಂದ, ಶಿರಾಳಕೊಪ್ಪದ ಸುತ್ತಿನವರಿಗೆ ಇದನ್ನು ವಿವರಿಸಬೇಕಿಲ್ಲ. ಜೂಲ ಹೊದ್ದು, ಕೊರಳಿಗೆ ಕೊಬ್ಬರಿ ಹಾರ ಕಟ್ಟಿಸಿಕೊಂಡ ಹೋರಿ ಅಖಾಡದಲ್ಲಿ ಜನರ ನಡುವೆ ನುಗ್ಗಿ ದಾಟಿಹೋಗಲು ಕೆಲವೇ ಸೆಕೆಂಡು ಸಾಕು. ಈಗ ಈ ಹಬ್ಬ ಯೂಟ್ಯೂಬಿನಲ್ಲಿ ಲೈವ್ ಬರುತ್ತದೆ. ಬೆಳಿಗ್ಗೆ ಹಚ್ಚಿದ ಕ್ಯಾಮೆರಾ ಸಂಜೆಯವರೆಗೆ ಆರುವುದಿಲ್ಲ. ಆದರೆ ಹೋರಿಯ ಮಾಲೀಕರಿಗೆ ತಮ್ಮ ಹೋರಿಯ ಓಟ ಈಗಲೇ ಮೊಬೈಲಿಗೆ ಬೇಕು. ಕೊಬ್ಬರಿ ಕಿತ್ತರೋ ಇಲ್ಲವೋ ಎಂಬ ತಕರಾರು ಎದ್ದರೆ ಕಮಿಟಿಯವರಿಗೂ ಅದೇ ತುಣುಕು ಬೇಕು. ಅದಕ್ಕಾಗಿ ರೆಕಾರ್ಡಿಂಗ್ ನಿಲ್ಲಿಸಿದರೆ ಮುಂದಿನ ಹೋರಿ ತಪ್ಪಿಹೋಗುತ್ತದೆ.

ನಿಲ್ಲಿಸದೆ ಕತ್ತರಿಸಬಹುದು. ಅದು ಸಾಧ್ಯವೋ ಇಲ್ಲವೋ ಎಂಬುದು ಹಿಂದಿನ ದಿನವೇ, ಯಾವ ಬಗೆಯ ಫೈಲಿಗೆ ರೆಕಾರ್ಡ್ ಮಾಡಬೇಕೆಂದು ಆರಿಸುವಾಗ ತೀರ್ಮಾನವಾಗಿರುತ್ತದೆ.

ಮಾಮೂಲಿ ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಎಂದು ಹೇಳುವ ಪಟ್ಟಿ ರೆಕಾರ್ಡಿಂಗ್ ಮುಗಿದ ಮೇಲಷ್ಟೇ ಬರೆಯಲ್ಪಡುತ್ತದೆ. ನಡುವೆ ತೆರೆಯಲು ಹೋದರೆ `moov atom not found` ಎಂಬ ದೂರು ಬರುತ್ತದೆ. ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೂ ಇದೇ ಗತಿ. ಇಡೀ ದಿನದ ಫೈಲು ಇದ್ದೂ ಇಲ್ಲದಂತೆ. ಎಂಕೆವಿ ಹಾಗಲ್ಲ. ಅದು ದೃಶ್ಯ, ಧ್ವನಿಗಳನ್ನು ಸಣ್ಣ ಸಣ್ಣ ಕಂತುಗಳಲ್ಲಿ ಬರೆದು ಮುಗಿಸುತ್ತಾ ಸಾಗುವುದರಿಂದ, ಬರೆದಷ್ಟನ್ನು ಆಗಲೇ ಓದಬಹುದು. ಹೆಚ್ಚಿನವರು ಲೈವ್‌ಗೆ ಬಳಸುವ ಒಬಿಎಸ್ ತಂತ್ರಾಂಶದಲ್ಲಿ `Settings`, `Output`, `Recording Format` ಎಂದು ಹೋಗಿ ಎಂಕೆವಿ ಇದೆಯೇ ಎಂದು ನೋಡಿಕೊಳ್ಳಿ.

ಈಗ ಒಂದು ಓಟವನ್ನೇ ತೆಗೆದುಕೊಳ್ಳೋಣ. ಹೋರಿ ಬಂದ ಕೂಡಲೇ ಒಬಿಎಸ್ ಕಿಟಕಿಯ ಕೆಳಗಡೆ ಓಡುವ ರೆಕಾರ್ಡಿಂಗ್ ಗಡಿಯಾರವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮೊಬೈಲಿನಲ್ಲಿ ಕಾಣುವ ಯೂಟ್ಯೂಬ್ ಹೊತ್ತನ್ನು ನಂಬಬೇಡಿ, ಅದು ಅಖಾಡಕ್ಕಿಂತ ಹಿಂದೆ ಇರುತ್ತದೆ. ಲೈವ್‌ನ ಗಡಿಯಾರವೂ ಬೇಡ. ಲೈವ್ ಮತ್ತು ರೆಕಾರ್ಡಿಂಗ್ ಬೇರೆ ಬೇರೆ ಹೊತ್ತಿಗೆ ಶುರುವಾಗಿರಬಹುದು. ಚೀಟಿಯಲ್ಲಿ 1 ಗಂಟೆ 12 ನಿಮಿಷ 10 ಸೆಕೆಂಡು ಎಂದಿದ್ದರೆ, ಐದು ಸೆಕೆಂಡು ಹಿಂದಿನಿಂದ ಹಿಡಿದು ಇಪ್ಪತ್ತು ಸೆಕೆಂಡು ಕತ್ತರಿಸಲು ಎಫ್‌ಎಫ್‌ಎಂಪೆಗ್ ತಂತ್ರಾಂಶಕ್ಕೆ ಹೀಗೆ ಹೇಳಬೇಕು:

```
ffmpeg -ss 01:12:05 -i hori.mkv -t 20 -c copy ota.mp4
```

ಇಲ್ಲಿ `-c copy` ಎಂಬುದೇ ಜೀವಾಳ. ಇದ್ದ ಚಿತ್ರವನ್ನು ಇದ್ದ ಹಾಗೆ ಎತ್ತಿಕೊಡು, ಹೊಸದಾಗಿ ಎನ್‌ಕೋಡ್ ಮಾಡಬೇಡ ಎಂದು ಅದರ ಅರ್ಥ. ಲೈವ್ ಕಳಿಸುತ್ತಿರುವ ಲ್ಯಾಪ್‌ಟಾಪಿಗೆ ಎನ್‌ಕೋಡಿಂಗ್‌ನ ಎರಡನೇ ಹೊರೆ ಹೊರಿಸಿದರೆ, ತುಣುಕು ಸಿಗುವ ಹೊತ್ತಿಗೆ ಲೈವ್ ತಡವರಿಸುತ್ತಿರುತ್ತದೆ.

ಆದರೆ ಇದಕ್ಕೊಂದು ಮಿತಿ ಇದೆ. ವಿಡಿಯೋದಲ್ಲಿ ಪೂರ್ಣ ಚಿತ್ರ ಬರುವುದು ಆಗೊಮ್ಮೆ ಈಗೊಮ್ಮೆ. ಯೂಟ್ಯೂಬ್ ಲೈವ್‌ಗೆ ಹೊಂದಿಸಿದ್ದರೆ ಸಾಮಾನ್ಯವಾಗಿ ಎರಡು ಸೆಕೆಂಡಿಗೊಂದು. ನಡುವೆ ಇರುವುದು ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ಮಾತ್ರ. ಹಾಗಾಗಿ ನೀವು ಹೇಳಿದ ಕ್ಷಣದಲ್ಲೇ ಕತ್ತರಿ ಬೀಳುವುದಿಲ್ಲ. ತುಣುಕು ಸ್ವಲ್ಪ ಮೊದಲೇ ಶುರುವಾಗಬಹುದು, ಕೆಲವು ಮೊಬೈಲುಗಳಲ್ಲಿ ಆರಂಭದ ಚಿತ್ರ ನಿಂತಂತೆಯೂ ಕಾಣಬಹುದು. ಐದು ಸೆಕೆಂಡು ಹಿಂದಿನಿಂದ ಹಿಡಿದದ್ದು ಇದಕ್ಕೇ. ನಿಖರವಾಗಿ ಕತ್ತರಿಸುವ ಕೆಲಸ ಸಂಜೆಗೆ ಇರಲಿ.

ತುಣುಕು ಇಪ್ಪತ್ತರ ಬದಲು ಹನ್ನೆರಡೇ ಸೆಕೆಂಡು ಬಂದರೆ ಗಾಬರಿ ಬೇಡ. ಉಳಿದದ್ದು ಇನ್ನೂ ಡಿಸ್ಕಿಗೆ ಇಳಿದಿಲ್ಲ ಎಂದು ತಿಳಿಯಿರಿ. ಒಬಿಎಸ್ ಕೊನೆಯ ಕ್ಷಣಗಳನ್ನು ಕೈಯಲ್ಲಿಟ್ಟುಕೊಂಡು ಆಮೇಲೆ ಬರೆಯುತ್ತದೆ. ಓಟ ಮುಗಿದು ಅರ್ಧ ನಿಮಿಷ ಬಿಟ್ಟು ಅದೇ ಆದೇಶ ಮತ್ತೆ ಕೊಟ್ಟು, ಹಳೆಯ ತುಣುಕಿನ ಮೇಲೆ ಬರೆಯಲೇ ಎಂದು ಕೇಳಿದಾಗ `y` ಎಂದರೆ ಪೂರ್ತಿ ಸಿಗುತ್ತದೆ.

ಮಧ್ಯಾಹ್ನದ ಮೇಲೆ ಕತ್ತರಿಸುವುದು ನಿಧಾನವಾಗಬಹುದು. ಮುಗಿಯದ ಎಂಕೆವಿಯಲ್ಲಿ ಹುಡುಕುವ ಸೂಚಿ ಇನ್ನೂ ಇರುವುದಿಲ್ಲವಾದ್ದರಿಂದ ಎಫ್‌ಎಫ್‌ಎಂಪೆಗ್ ಮೊದಲಿನಿಂದ ಓದುತ್ತಾ ಆ ಜಾಗಕ್ಕೆ ಹೋಗಬೇಕಾಗುತ್ತದೆ. 4,000 ಕಿಲೋಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ಸೆಕೆಂಡಿಗೆ ಅರ್ಧ ಎಂಬಿ, ಗಂಟೆಗೆ ಸುಮಾರು 1.8 ಜಿಬಿ. ನಾಲ್ಕು ಗಂಟೆಯಾದರೆ ಏಳು ಜಿಬಿ ದಾಟಿ ಓದಬೇಕು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಬರೆಯುವುದೂ ಓದುವುದೂ ಒಟ್ಟಿಗೆ ನಡೆದರೆ ರೆಕಾರ್ಡಿಂಗೇ ಮುಗ್ಗರಿಸಬಹುದು. ಒಬಿಎಸ್‌ನಲ್ಲಿ ಫೈಲನ್ನು ತಾನಾಗಿ ತುಂಡು ಮಾಡುವ `Automatic File Splitting` ಇದೆ. ಅರ್ಧ ಗಂಟೆಗೊಂದು ಫೈಲಾದರೆ ಈ ತೊಂದರೆ ತಪ್ಪುತ್ತದೆ. ಆಗ ಚೀಟಿಯ ಹೊತ್ತಿನಿಂದ ಹಿಂದಿನ ಫೈಲುಗಳ ಹೊತ್ತನ್ನು ಕಳೆಯಲು ಮರೆಯಬಾರದು: 1 ಗಂಟೆ 12 ನಿಮಿಷದ ಓಟ ಮೂರನೇ ಫೈಲಿನ 12ನೇ ನಿಮಿಷದಲ್ಲಿ ಇರುತ್ತದೆ.

ಇಪ್ಪತ್ತು ಸೆಕೆಂಡಿನ ತುಣುಕು ಸುಮಾರು 10 ಎಂಬಿ ಆಗುತ್ತದೆ. ಅದನ್ನು ಲೈವ್ ಹೋಗುತ್ತಿರುವ ಡಾಂಗಲ್‌ನಿಂದಲೇ ವಾಟ್ಸ್ಆ್ಯಪ್‌ಗೆ ಕಳಿಸಬೇಡಿ. ನಮ್ಮ ಹಳ್ಳಿಗಳ ನೆಟ್‌ವರ್ಕಿನಲ್ಲಿ ಅಪ್‌ಲೋಡ್ ಇರುವುದೇ ಅಷ್ಟಕ್ಕಷ್ಟೆ. ಕೇಬಲ್ಲಿನಿಂದ ಇನ್ನೊಂದು ಮೊಬೈಲಿಗೆ ಹಾಕಿ, ಬೇರೆ ಸಿಮ್‌ನಿಂದ ಕಳಿಸಿ.